ಕೆಂಗೇರಿ ಆಸ್ಪತ್ರೆಯ ಹೊಸ ಬ್ಲಾಕ್: ಸಿಡಿಲು ಅಪಾಯದ ಲೆಕ್ಕ ಮತ್ತು ಟೆರೇಸಿನ ರಾಡ್ ವಿನ್ಯಾಸ

ಗೆ: ಆಸ್ಪತ್ರೆ ಆಡಳಿತ ಮತ್ತು ಸೈಟ್ ಎಂಜಿನಿಯರ್
ಇಂದ: ಎಲೆಕ್ಟ್ರಿಕಲ್ ವಿನ್ಯಾಸ ತಂಡ

ಕಟ್ಟಡ

ಉದ್ದ 60 ಮೀಟರ್, ಅಗಲ 30, ಎತ್ತರ 72. ಈಗ 9ನೇ ಮಹಡಿಯ ಸ್ಲ್ಯಾಬ್ ಮುಗಿದಿದೆ. ಸುತ್ತಲಿನ ಮನೆಗಳು ಎರಡು-ಮೂರು ಅಂತಸ್ತಿನವು. ಆದ್ದರಿಂದ ಈ ಕಟ್ಟಡ ಒಂಟಿಯಾಗಿ ನಿಂತಿದೆ ಎಂದೇ ಹಿಡಿದಿದ್ದೇವೆ. ನೆರೆಮನೆಗಳ ಲೆಕ್ಕದಲ್ಲಿ ಅರ್ಧ ರಿಯಾಯಿತಿ ಪಡೆಯಬಹುದಿತ್ತು, ಆದರೆ ಆಸ್ಪತ್ರೆಗೆ ಅದು ಸರಿಯಲ್ಲ ಅನಿಸಿತು.

ಅಪಾಯದ ಲೆಕ್ಕ

ಲೆಕ್ಕ ಸಿಡಿಲು ರಕ್ಷಣೆಯ ಮಾನದಂಡ IS/IEC 62305-2 ಪ್ರಕಾರ. ಕೆಳಗೆ A_D ಎಂದರೆ ಕಟ್ಟಡ ಸಿಡಿಲನ್ನು ಸೆಳೆಯುವ ಜಾಗ, N_D ಎಂದರೆ ವರ್ಷಕ್ಕೆ ಬೀಳುವ ನೇರ ಹೊಡೆತ. ಎತ್ತರದ ಮೂರು ಪಟ್ಟು ದೂರದವರೆಗಿನ ಸಿಡಿಲನ್ನು ಕಟ್ಟಡ ತನ್ನತ್ತ ಸೆಳೆಯುತ್ತದೆ ಎಂದು ಹಿಡಿದರೆ:

```
A_D = 60×30 + 2×216×(60+30) + π×216² ≈ 1,87,250 m²
N_D = 4 × 1,87,250 × 1 × 10⁻⁶ ≈ 0.75 / ವರ್ಷ
```

ಇಲ್ಲಿ 4 ಎಂದರೆ ವರ್ಷಕ್ಕೆ ಪ್ರತಿ ಚದರ ಕಿ.ಮೀ.ಗೆ ಬೀಳುವ ಸಿಡಿಲು, ವಿನ್ಯಾಸಕ್ಕೆಂದು ನಾವು ಹಿಡಿದ ಸಂಖ್ಯೆ. ಅಂದರೆ ಸರಾಸರಿ ನಾಲ್ಕು ವರ್ಷಕ್ಕೆ ಮೂರು ಬಾರಿ ನೇರ ಹೊಡೆತ.

ಜೀವಹಾನಿಗೆ ಒಪ್ಪಬಹುದಾದ ಮಿತಿ ವರ್ಷಕ್ಕೆ 10⁻⁵. ಏನೂ ರಕ್ಷಣೆ ಇಲ್ಲದಿದ್ದರೆ ಬೆಂಕಿಯ ಅಪಾಯವೊಂದೇ 75×10⁻⁵ ಆಗುತ್ತದೆ. ಇದು ಇಷ್ಟು ಜಾಸ್ತಿ ಬರಲು ಮುಖ್ಯ ಕಾರಣ ರೋಗಿಗಳು. ಹಾಸಿಗೆಯಿಂದ ಏಳಲಾಗದವರನ್ನು ಹೊರಗೆ ಸಾಗಿಸುವ ಕಷ್ಟಕ್ಕೆ ಮಾನದಂಡ 5ರ ಗುಣಕ ಇಟ್ಟಿದೆ.

ಮಾನದಂಡದ ಅತಿ ಬಿಗಿಯಾದ ಒಂದನೇ ದರ್ಜೆಯ ರಕ್ಷಣೆ ಹಾಕಿ, ಹೊರಗೋಡೆಯ ಮೇಲೆ ಲೋಹದ ಪಟ್ಟಿ ಇಳಿಸಿದರೂ ಬೆಂಕಿಯ ಅಪಾಯ 1.5×10⁻⁵. ಮಿತಿ ದಾಟಿತು! ಕಾಂಕ್ರೀಟಿನೊಳಗಿನ ಕಂಬಿಯನ್ನೇ ಸಿಡಿಲನ್ನು ನೆಲಕ್ಕಿಳಿಸುವ ಡೌನ್ ಕಂಡಕ್ಟರ್ ಆಗಿ ಬಳಸಿ, ಅದು ಮೇಲಿನಿಂದ ಕೆಳಗಿನವರೆಗೆ ಕಡಿಯದೆ ಇದ್ದರೆ ಮಾತ್ರ 0.75×10⁻⁵ಕ್ಕೆ ಇಳಿಯುತ್ತದೆ. ಐಸಿಯು, ಆಪರೇಷನ್ ಥಿಯೇಟರ್ ಉಪಕರಣ ಕೆಡುವ ಅಪಾಯ ಮತ್ತು ಲೈನಿನಿಂದ ಬರುವ ಅಪಾಯ ಸೇರಿ ಒಟ್ಟು ಸುಮಾರು 0.92×10⁻⁵. ಉಳಿದ ಅಂತರ ತೀರಾ ಕಡಿಮೆ.

ಈ ಲೆಕ್ಕದಲ್ಲಿ ಸ್ಪ್ರಿಂಕ್ಲರ್ ಕೆಲಸ ಮಾಡುತ್ತಿದೆ ಎಂದು ಹಿಡಿದಿದ್ದೇವೆ. ರಿಪೇರಿಗೆಂದು ಅದನ್ನು ಬಂದ್ ಮಾಡಿದರೆ ಬೆಂಕಿಯ ಅಪಾಯ ಐದು ಪಟ್ಟಾಗುತ್ತದೆ. ಹಾಗಾಗಿ ಏಪ್ರಿಲ್-ಮೇ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ನ ಗುಡುಗಿನ ದಿನಗಳಲ್ಲಿ ಸ್ಪ್ರಿಂಕ್ಲರ್ ನಿರ್ವಹಣೆ ಇಟ್ಟುಕೊಳ್ಳಬೇಡಿ.

ಟೆರೇಸಿನ ಮೇಲೆ

ಕಟ್ಟಡದ ಮೇಲೆ ಒಂದು ಗೋಳ ಉರುಳಿಸಿದಂತೆ ಕಲ್ಪಿಸಿ, ಅದು ಮುಟ್ಟುವಲ್ಲೆಲ್ಲ ಸಿಡಿಲು ಬೀಳಬಹುದು ಎಂದು ಹಿಡಿಯುತ್ತೇವೆ. ಒಂದನೇ ದರ್ಜೆಗೆ ಈ ಉರುಳುವ ಗೋಳದ ತ್ರಿಜ್ಯ 20 ಮೀಟರ್, ಜಾಲದ ಕಣ್ಣು 5×5 ಮೀಟರ್. 25×3 ಮಿ.ಮೀ. ಅಲ್ಯೂಮಿನಿಯಂ ಪಟ್ಟಿ: ಅಡ್ಡಕ್ಕೆ 13, ಉದ್ದಕ್ಕೆ 7, ಒಟ್ಟು 810 ಮೀಟರ್.

ಎಸಿ ಹೊರಘಟಕಗಳು 1.5 ಮೀಟರ್ ಎತ್ತರ ಇರುವುದರಿಂದ ಬರೀ ಜಾಲ ಸಾಲದು. 10 ಮೀಟರ್ ಅಂತರದಲ್ಲಿ 3 ಮೀಟರ್ ರಾಡ್ ನಿಲ್ಲಿಸಬೇಕು, ಒಟ್ಟು 28. ನಾಲ್ಕು ರಾಡ್‌ಗಳ ನಡುವಿನ ಕರ್ಣ 14.14 ಮೀಟರ್. ಗೋಳ ಅಲ್ಲಿ ಎಷ್ಟು ಕೆಳಗಿಳಿಯುತ್ತದೆ ನೋಡಿ:

```
p = 20 − √(20² − 7.07²) ≈ 1.29 m
```

3ರಿಂದ ಕಳೆದರೆ ರಕ್ಷಣೆ 1.71 ಮೀಟರ್‌ವರೆಗೆ. ಘಟಕದ ಮೇಲೆ ಒಂದು ಗೇಣಿಗಿಂತ ಕೊಂಚ ಕಡಿಮೆ ಜಾಗ ಉಳಿಯುತ್ತದೆ. ಮುಂದೆ ಯಾರಾದರೂ ಎತ್ತರದ ಘಟಕ ತಂದಿಟ್ಟರೆ ಲೆಕ್ಕ ಮತ್ತೆ ಮಾಡಬೇಕು.

ರಾಡ್ ಮತ್ತು ಘಟಕದ ನಡುವೆ 0.5 ಮೀಟರ್ ಅಂತರ ಬಿಡಿ (ಲೆಕ್ಕದಲ್ಲಿ 0.4 ಬಂದಿದೆ). ಲಿಫ್ಟ್ ಕೋಣೆ 12×8 ಮೀಟರ್, ಅದರ ನಾಲ್ಕು ಮೂಲೆಗೆ 2 ಮೀಟರ್ ರಾಡ್, ಅಂಚಿಗೆ ಪಟ್ಟಿ. ವ್ಯಾಕ್ಯೂಮ್ ಪಂಪ್ ಮತ್ತು ಅನಸ್ತೇಸಿಯಾ ಗ್ಯಾಸ್ ಹೊರಹೋಗುವ ಪೈಪಿನ ಬಾಯಿ ರಾಡಿನ ರಕ್ಷಣೆಯೊಳಗೇ ಇರಲಿ.

ಕಟ್ಟಡ 60 ಮೀಟರ್ ದಾಟಿರುವುದರಿಂದ ಮೇಲಿನ ಶೇ. 20 ಭಾಗಕ್ಕೆ, ಅಂದರೆ 57.6 ಮೀಟರಿನಿಂದ ಮೇಲಕ್ಕೆ, ಪಕ್ಕದ ಹೊಡೆತದ ರಕ್ಷಣೆಯೂ ಬೇಕು. ಅಲ್ಲಿನ ಗಾಜಿನ ಅಲ್ಯೂಮಿನಿಯಂ ಫ್ರೇಮನ್ನು ಕಂಬಿಗೆ ಜೋಡಿಸಿ, ಮೂಲೆಗಳಿಗೆ ಪಟ್ಟಿ ಹಾಕುತ್ತೇವೆ.

ಸಿಡಿಲನ್ನು ಸಾಧಾರಣ ರಾಡಿಗಿಂತ ದೂರದಿಂದ ಸೆಳೆಯುತ್ತದೆ ಎಂದು ಮಾರುವ ಒಂದೇ ದೊಡ್ಡ ಇಎಸ್‌ಇ ರಾಡ್ ಸಾಕು ಎಂಬ ಕೊಟೇಶನ್ ನಿಮಗೆ ಬಂದಿದೆ. ಅಗ್ಗ ನಿಜ. ಆದರೆ ಈ ಮಾನದಂಡ ಅಂಥ ರಾಡಿಗೆ ಹೆಚ್ಚುವರಿ ರಕ್ಷಣಾ ವ್ಯಾಪ್ತಿ ಕೊಡುವುದಿಲ್ಲ. ರೋಗಿಗಳಿರುವ ಕಟ್ಟಡಕ್ಕೆ ನಾವು ಅದಕ್ಕೆ ಸಹಿ ಹಾಕುವುದಿಲ್ಲ.

ಕೆಳಗೆ ಮತ್ತು ಒಳಗೆ

ಸುತ್ತಳತೆ 180 ಮೀಟರ್. 10 ಮೀಟರಿಗೊಂದರಂತೆ 18 ಕಡೆ ಜಾಲವನ್ನು ಕಂಬದ ಕಂಬಿಗೆ ಸೇರಿಸಬೇಕು. ಕೆಳಗೆ ರಿಂಗ್ ಅರ್ತಿಂಗ್, 10 ಓಮ್‌ಗಿಂತ ಕಡಿಮೆ. ಮುಖ್ಯ ಪ್ಯಾನೆಲ್‌ಗೆ ಪ್ರತಿ ಪೋಲ್‌ಗೆ 25 ಕಿಲೋಆಂಪಿಯರ್‌ನ (10/350) ಟೈಪ್-1 ಸರ್ಜ್ ಪ್ರೊಟೆಕ್ಷನ್. ಐಸಿಯು ಮತ್ತು ಥಿಯೇಟರ್ ಬೋರ್ಡುಗಳಿಗೆ ಅದರ ಜೊತೆ ಹೊಂದುವ ಟೈಪ್-2. ಇಲ್ಲಿ ಸಾಧಾರಣ ಮಾಲು ಬೇಡ, ಲೆಕ್ಕ ನಿಂತಿರುವುದು ಸಾವಿರಕ್ಕೆ ಒಂದರಷ್ಟು ವೈಫಲ್ಯದ ಮೇಲೆ.

ಈಗ ಆಗಬೇಕಾದದ್ದು

10ನೇ ಸ್ಲ್ಯಾಬ್ ಕಾಂಕ್ರೀಟ್ ಹಾಕುವ ಮೊದಲು, ಈಗಾಗಲೇ ಮುಗಿದ 9 ಮಹಡಿಗಳ ಕಂಬಿಯ ಸಂಪರ್ಕವನ್ನು 18 ಕಡೆಯೂ ಅಳೆಯಿರಿ. ಮೇಲಿನಿಂದ ನೆಲದವರೆಗೆ 0.2 ಓಮ್ ದಾಟಬಾರದು. ಎಲ್ಲಾದರೂ ದಾಟಿದರೆ ಕೆಲಸ ನಿಲ್ಲಿಸಿ ನಮಗೆ ತಿಳಿಸಿ. ಆಗ ಹೊರಪಟ್ಟಿಯ ಲೆಕ್ಕವೇ ಅನ್ವಯಿಸುತ್ತದೆ, ಮೇಲೆ ತೋರಿಸಿದಂತೆ ಅದು ಮಿತಿಯೊಳಗೆ ಬರುವುದಿಲ್ಲ. ಮುಂದಿನ ಮಹಡಿಗಳಲ್ಲಿ ಗುರುತಿಸಿದ ಕಂಬಿಗಳ ಜೋಡಣೆಯನ್ನು ವೆಲ್ಡ್ ಅಥವಾ ಕ್ಲಾಂಪ್ ಮಾಡಿ, ಕಾಂಕ್ರೀಟ್ ಹಾಕುವ ಮುಂಚೆ ಫೋಟೊ ತೆಗೆದು ಕಳಿಸಿ.