ತಾರಸಿ ಮಳೆನೀರು: ಭಾನುವಾರದ ಸಭೆಯಲ್ಲಿ ನಿಮ್ಮ ಸ್ಲೈಡ್ ಯಾವುದು, ನನ್ನದು ಯಾವುದು

ಮೇಷ್ಟ್ರೇ, ನಮಸ್ಕಾರ.

ಗುರುವಾರ ನಿಮ್ಮ ಮನೆಯಲ್ಲಿ ಪ್ರಾಕ್ಟೀಸ್ ಮಾಡಿದಾಗ ಒಂದು ಸ್ಲೈಡ್ ನೀವು, ಒಂದು ಸ್ಲೈಡ್ ನಾನು ಅಂತ ಹಂಚಿಕೊಂಡಿದ್ದೆವು. 12 ಸ್ಲೈಡಿಗೆ 11 ಸಲ ರಿಮೋಟ್ ಕೈ ಬದಲಾಯಿತು. "ಯಾರ ಮುಖ ನೋಡಬೇಕೋ ಗೊತ್ತಾಗಲಿಲ್ಲ" ಅಂತ ಅಮ್ಮ ಹೇಳಿದರಲ್ಲ, ಆ ಮಾತು ರಾತ್ರಿಯೆಲ್ಲ ತಲೆಯಲ್ಲಿತ್ತು. ಹಾಗಾಗಿ ಎಲ್ಲವನ್ನೂ ಮತ್ತೆ ಹಂಚಿದ್ದೇನೆ. ಈಗ ಕೈ ಬದಲಾಗುವುದು ನಾಲ್ಕೇ ಸಲ.

ಸ್ಲೈಡಿನ ಎಣಿಕೆ ನೋಡಿ ಹಂಚಿಲ್ಲ, ಯಾರ ಮಾತನ್ನು ಜನ ನಂಬುತ್ತಾರೆ ಅಂತ ನೋಡಿ ಹಂಚಿದ್ದೇನೆ. ಆರು ವರ್ಷ ಖಜಾಂಚಿಯಾಗಿ ನಮ್ಮ 48 ಮನೆಗಳ ಲೆಕ್ಕ ಬರೆದವರು ನೀವು. ಟ್ಯಾಂಕರ್ ಬಿಲ್ಲು, ಖರ್ಚು, ಕೊನೆಗೆ ಕೈ ಎತ್ತಿ ಅಂತ ಕೇಳುವುದು ನಿಮ್ಮ ಬಾಯಿಂದಲೇ ಬರಬೇಕು. ಮಳೆಯ ಲೆಕ್ಕ, ಪೈಪು, ಫಿಲ್ಟರ್, ಇಂಗು ಬಾವಿ ನನ್ನದು. ದಿನಾ ಸೈಟಿನಲ್ಲಿ ಮಾಡುವ ಕೆಲಸ ಅದು.

ಸಭೆ 11 ಗಂಟೆಗೆ. ಕಾರ್ಯದರ್ಶಿಗಳು ನಮಗೆ 25 ನಿಮಿಷ ಕೊಟ್ಟಿದ್ದಾರೆ. ನಮ್ಮ ಮಾತು 21 ನಿಮಿಷ. ಉಳಿದ ನಾಲ್ಕು ನಿಮಿಷ ಸುಮ್ನೆ ಇರಲಿ, ಮಧ್ಯೆ ಯಾರಾದರೂ ಕೇಳೇ ಕೇಳುತ್ತಾರೆ. ಪ್ರಶ್ನೋತ್ತರಕ್ಕೆ ಬೇರೆ 15 ನಿಮಿಷ ಇದೆ.

ಯಾವ ಸ್ಲೈಡ್ ಯಾರದು

| ಸ್ಲೈಡ್ | ಪರದೆಯ ಮೇಲೆ | ಯಾರು | ನಿಮಿಷ | ಕೈ ಬದಲು |
|---|---|---|---|---|
| 1 | ನಮ್ಮ ತಾರಸಿ, ನಮ್ಮ ಮಳೆ | ಮೇಷ್ಟ್ರು | 1 | ಇಲ್ಲ |
| 2 | ಏಪ್ರಿಲ್ ತಿಂಗಳ ಬಿಲ್: 12,000 ಲೀಟರಿನ 58 ಟ್ಯಾಂಕರ್, ₹69,600 | ಮೇಷ್ಟ್ರು | 2 | ಇಲ್ಲ |
| 3 | ನಮ್ಮ ಎರಡು ಬೋರ್‌ವೆಲ್: ಒಂದು ನಿಂತಿದೆ, ಇನ್ನೊಂದು ದಿನಕ್ಕೆ ಒಂದು ಗಂಟೆ | ಮೇಷ್ಟ್ರು | 1½ | ಇಲ್ಲ |
| 4 | ಕಾವೇರಿ ನೀರು ಬರುವ ದಾರಿ | ಮೇಷ್ಟ್ರು | 1½ | ಮೊದಲನೆಯದು: ಚೆಂಬು ನನ್ನ ಕೈಗೆ |
| 5 | ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ = ಒಂದು ಲೀಟರ್ | ನಾನು | 2 | ಇಲ್ಲ |
| 6 | ನಮ್ಮ ತಾರಸಿಯ ವರ್ಷದ ಲೆಕ್ಕ | ನಾನು | 2 | ಇಲ್ಲ |
| 7 | ಪೈಪಿನ ನಕ್ಷೆ, ಮೊದಲ ಮಳೆಯ ನೀರು, ಫಿಲ್ಟರ್ | ನಾನು | 2½ | ಇಲ್ಲ |
| 8 | ಎರಡು ಇಂಗು ಬಾವಿ ಎಲ್ಲಿ | ನಾನು | 1½ | ಎರಡನೆಯದು: ರಿಮೋಟ್ ನಿಮಗೆ |
| 9 | ಒಟ್ಟು ಖರ್ಚು ₹3,84,000, ಮನೆಗೆ ₹8,000 | ಮೇಷ್ಟ್ರು | 2½ | ಇಲ್ಲ |
| 10 | ಹಾಕಿದ ದುಡ್ಡು ಯಾವಾಗ ವಾಪಸ್? | ಮೊದಲು ಮೇಷ್ಟ್ರು, ಆಮೇಲೆ ನಾನು | 2 | ಮೂರನೆಯದು: ಸ್ಲೈಡಿನ ನಡುವೆ |
| 11 | ಯಾರು ತೊಳೆಯಬೇಕು, ಯಾವಾಗ ತೊಳೆಯಬೇಕು | ನಾನು | 1½ | ನಾಲ್ಕನೆಯದು: ರಿಮೋಟ್ ನಿಮಗೆ |
| 12 | ನಿರ್ಣಯ | ಮೇಷ್ಟ್ರು | 1 | ಇಲ್ಲ |

ಕೈ ಬದಲಾಗುವಾಗ ಒಂದೇ ಒಂದು ನಿಯಮ. ಕೊಡುವವರು ತಮ್ಮ ಕೊನೆಯ ಸಾಲು ಹಳೆಯ ಸ್ಲೈಡ್ ಇರುವಾಗಲೇ ಹೇಳಿ ಮುಗಿಸಬೇಕು. ರಿಮೋಟ್ ತೆಗೆದುಕೊಂಡವರು ಹೊಸ ಸ್ಲೈಡ್ ತೆರೆಯಬೇಕು. ಗುರುವಾರ ನಾನು ಆತುರಕ್ಕೆ ಮೊದಲೇ ಒತ್ತಿಬಿಟ್ಟೆ. ನೀವು ಮಾತಾಡುತ್ತಿದ್ದಿರಿ, ಅಮ್ಮ ಆಗಲೇ ಹೊಸ ಸ್ಲೈಡ್ ಓದುತ್ತಿದ್ದರು.

ಮೊದಲನೆಯದು, ಸ್ಲೈಡ್ 4ರಿಂದ 5ಕ್ಕೆ

ಇದಕ್ಕೆ ಸ್ವಲ್ಪ ಜಾಸ್ತಿ ತಯಾರಿ ಬೇಕು. ನಿಮ್ಮ ಮನೆಯ ಆ ಸ್ಟೀಲ್ ಚೆಂಬು ಅಳೆದು ನೋಡಿದೆ, ಕುತ್ತಿಗೆಯವರೆಗೆ ಸರಿಯಾಗಿ ಒಂದು ಲೀಟರ್ ಹಿಡಿಯುತ್ತದೆ. ಮೇಜಿನ ಮೇಲೆ ಅದನ್ನು ತುಂಬಿಸಿ ಇಟ್ಟಿರೋಣ. ಸ್ಲೈಡ್ 4 ಬಂದಾಗ ಕೈಗೆತ್ತಿಕೊಳ್ಳಿ. ನಾನು ಬೆಳಗ್ಗೆಯೇ ಹಾಲ್‌ನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಉದ್ದ ಒಂದು ಮೀಟರ್, ಅಗಲ ಒಂದು ಮೀಟರ್ ಚೌಕ ಬರೆದಿರುತ್ತೇನೆ.

ನೀವು: "ಈ ಚೆಂಬಿನಲ್ಲಿ ಒಂದು ಲೀಟರ್ ಕಾವೇರಿ ಇದೆ. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್, ಅದೂ ಎತ್ತರಕ್ಕೆ, ಪಂಪ್ ಮಾಡಿ ತಂದಿದ್ದಾರೆ. ಅಷ್ಟು ದೂರದಿಂದ ಬಂದ ನೀರನ್ನ ಕಾಯ್ಕೊಂಡು ಕೂತಿದೀವಿ. ನಮ್ಮ ತಲೆ ಮೇಲೇ ಬೀಳೋ ನೀರು ಮೋರಿಗೆ ಹೋಗ್ತಿದೆ. ಅದು ಎಷ್ಟು ಅಂತ ನಮ್ಮ ಇಂಜಿನಿಯರಮ್ಮ ತೋರಿಸ್ತಾರೆ. ತಗೋಳಮ್ಮ."

ಚೆಂಬನ್ನೂ ರಿಮೋಟನ್ನೂ ಒಟ್ಟಿಗೆ ಕೊಡಿ. ನಾನು ಏನೂ ಮಾತಾಡದೆ ಚೌಕದೊಳಗೆ ನೀರು ಸುರಿಯುತ್ತೇನೆ, ಅದು ಹರಡಲಿ. ನೀವು ಪಕ್ಕದ ಕುರ್ಚಿಯಲ್ಲಿ ಕೂತುಬಿಡಿ. ಇಬ್ಬರೂ ನಿಂತಿದ್ದರೆ ಜನರ ಕಣ್ಣು ಎರಡು ಕಡೆ ಓಡುತ್ತದೆ.

ನಾನು: "ಮೇಷ್ಟ್ರು ಕೊಟ್ಟ ಒಂದು ಲೀಟರ್ ಇದು. ಈ ಚೌಕದ ಮೇಲೆ ಒಂದೇ ಒಂದು ಮಿಲಿಮೀಟರ್ ಮಳೆ ಬಿದ್ರೆ ಇಷ್ಟು ನೀರು. ನಮ್ಮ ತಾರಸಿಯಲ್ಲಿ ಇಂಥ ಸಾವಿರ ಚೌಕ ಇದೆ."

ಇಲ್ಲಿಂದ ಸ್ಲೈಡ್ 6 ತಾನಾಗೇ ಬರುತ್ತದೆ. ಬೆಂಗಳೂರಿನ ಸರಾಸರಿ ಮಳೆ ವರ್ಷಕ್ಕೆ ಸುಮಾರು 970 ಮಿ.ಮೀ. ಸಾವಿರ ಚದರ ಮೀಟರಿಗೆ 9,70,000 ಲೀಟರ್. ಆವಿಯಾಗುವುದು, ಚೆಲ್ಲುವುದು, ಮೊದಲ ಮಳೆ ಬಿಡುವುದು ಎಲ್ಲ ಕಳೆದು ನೂರಕ್ಕೆ 80 ಹಿಡಿದಿದ್ದೇನೆ, 7,76,000 ಲೀಟರ್. ನಮ್ಮ ಟ್ಯಾಂಕರ್ ಅಳತೆಯಲ್ಲಿ ಸುಮಾರು 65. ನೀವು ಸ್ಲೈಡ್ 2ರಲ್ಲಿ 58 ಅಂತ ಹೇಳಿರುತ್ತೀರಿ, ಅದನ್ನೇ ಎತ್ತಿಕೊಂಡು "ಮೇಷ್ಟ್ರು ಓದಿದ ಏಪ್ರಿಲ್ ಬಿಲ್ಲಿಗಿಂತ ಏಳು ಟ್ಯಾಂಕರ್ ಜಾಸ್ತಿ" ಅನ್ನುತ್ತೇನೆ. ಅದಕ್ಕೇ 58 ಅನ್ನುವುದನ್ನು ಎರಡು ಸಲ ಹೇಳಿ, ಮರೆಯಬೇಡಿ.

ಎರಡನೆಯದು, ಸ್ಲೈಡ್ 8ರಿಂದ 9ಕ್ಕೆ

ಇಂಗು ಬಾವಿ ಅಂದರೆ ಮೂರು ಅಡಿ ಅಗಲ, 20 ಅಡಿ ಆಳ, ಸಿಮೆಂಟ್ ರಿಂಗ್ ಇಳಿಸಿದ್ದು. ಒಂದು ಬಾವಿ ತುಂಬಿದರೆ ಸುಮಾರು 4,000 ಲೀಟರ್. ಒಂದು ಆಟದ ಜಾಗದ ಪಕ್ಕ, ಇನ್ನೊಂದು ಹಿಂದಿನ ಗೇಟಿನ ಹತ್ತಿರ. ಮಕ್ಕಳು ಬಿದ್ದರೆ ಅನ್ನುವ ಭಯ ಜನರಿಗೆ ಇದ್ದೇ ಇರುತ್ತದೆ, ಇರಬೇಕಾದದ್ದೇ. ಮುಚ್ಚಳ, ಕಬ್ಬಿಣದ ಜಾಲರಿ, ಬೀಗ ಮೂರನ್ನೂ ಫೋಟೋದಲ್ಲಿ ತೋರಿಸುತ್ತೇನೆ.

ನಾನು: "ಬೀಗದ ಕೀ ಸೆಕ್ಯೂರಿಟಿ ರೂಮಲ್ಲಿರತ್ತೆ. ಕೆಲಸ ಏನು ಅಂತ ನಾನು ಹೇಳಿದೆ. ಇಷ್ಟೆಲ್ಲ ಮಾಡೋಕೆ ನನ್ನ ಮನೆಯಿಂದ ಎಷ್ಟು ಹೋಗತ್ತೆ ಅಂತ ನೀವೆಲ್ಲ ಮನಸ್ಸಲ್ಲೇ ಲೆಕ್ಕ ಹಾಕ್ತಿದೀರ, ಅಲ್ವಾ? ನಮ್ಮ ಲೆಕ್ಕ ಬರೆದವರ ಬಾಯಿಂದಲೇ ಕೇಳೋಣ. ಮೇಷ್ಟ್ರೇ, ಬನ್ನಿ."

ನೀವು: "ಮನೆಗೆ ಎಂಟು ಸಾವಿರ. ಮೊದಲು ಅದನ್ನೇ ಹೇಳ್ಬಿಡ್ತೀನಿ. ಯಾಕೆ ಎಂಟು ಸಾವಿರ ಅಂತ ಆಮೇಲೆ ನೋಡೋಣ."

ಬೇಸ್‌ಮೆಂಟಿನಲ್ಲಿ ಖಾಲಿ ಬಿದ್ದಿರುವ ಹಳೆಯ 40,000 ಲೀಟರ್ ಸಂಪನ್ನೇ ಮಳೆನೀರಿಗೆ ಬಳಸುತ್ತೇವೆ, ಅದರಿಂದಲೇ ಖರ್ಚು ಇಷ್ಟಕ್ಕೆ ನಿಂತಿದೆ. ಇದನ್ನು ಖಂಡಿತ ಹೇಳಿ. ಎರಡು ಕಂತು, ನಾಲ್ಕು ನಾಲ್ಕು ಸಾವಿರ. ಮಳೆನೀರು ಸಂಗ್ರಹ ಬೆಂಗಳೂರಿನಲ್ಲಿ 2009ರ ತಿದ್ದುಪಡಿಯಿಂದ ಕಾನೂನೇ ಆಗಿದೆ, ಮಾಡದಿದ್ದರೆ ದಂಡ ನೀರಿನ ಬಿಲ್ಲಿಗೇ ಸೇರಿಕೊಂಡು ಬರುತ್ತದೆ. ಇದು ಒಂದೇ ಸಾಲಿನಲ್ಲಿ ಸಾಕು. ಹೆದರಿಸಿ ಒಪ್ಪಿಸಿದರೆ ಆಮೇಲೆ ಫಿಲ್ಟರ್ ತೊಳೆಯಲು ಯಾರೂ ಬರುವುದಿಲ್ಲ.

ಮೂರನೆಯದು, ಸ್ಲೈಡ್ 10ರ ಒಳಗೇ

ಈ ಸ್ಲೈಡನ್ನು ಇಬ್ಬರೂ ಹೇಳಬೇಕು ಅಂತ ನನ್ನ ಆಸೆ. 65 ಟ್ಯಾಂಕರ್, ಒಂದಕ್ಕೆ ₹1,200, ವರ್ಷಕ್ಕೆ ₹78,000. ಐದು ವರ್ಷಕ್ಕೆ ದುಡ್ಡು ವಾಪಸ್. ಲೆಕ್ಕ ತಪ್ಪಿಲ್ಲ. ಆದರೆ ಜೋರು ಮಳೆಯಲ್ಲಿ ಸಂಪು ತುಂಬಿ ಉಳಿದದ್ದು ಇಂಗು ಬಾವಿಗೆ ಹೋಗುತ್ತದೆ. ಆ ನೀರು ಮಾರನೇ ದಿನ ನಲ್ಲಿಯಲ್ಲಿ ಬರುವುದಿಲ್ಲ. ಇದನ್ನು ನಾವೇ ಹೇಳಬೇಕು ಮೇಷ್ಟ್ರೇ. ಬೇರೆಯವರು ಎದ್ದು ಕೇಳಿದ ಮೇಲೆ ಹೇಳಿದರೆ ಮುಚ್ಚಿಟ್ಟ ಹಾಗಿರುತ್ತದೆ.

ನೀವು: "ಎಲ್ಲಾ ನೀರು ಸಂಪಿಗೆ ಬಂದ್ರೆ ಐದು ವರ್ಷ. ಬರತ್ತಾಮ್ಮ ಎಲ್ಲಾ ನೀರು?"

ನಾನು: "ಇಲ್ಲ ಮೇಷ್ಟ್ರೇ, ಬರಲ್ಲ. ಸಂಪು ತುಂಬಿದ್ಮೇಲೆ ಉಳಿದಿದ್ದು ಭೂಮಿಗೆ. ಅದಕ್ಕೇ ಏಳು ವರ್ಷ ಅಂತ ಇಟ್ಕೊಳ್ಳಿ."

ಕೂತಲ್ಲಿಂದಲೇ ಉತ್ತರ ಕೊಟ್ಟು ಆಮೇಲೆ ಎದ್ದು ಬರುತ್ತೇನೆ. ರಿಮೋಟ್ ಆಗ ಕೊಡಿ. ಈ ಎರಡು ಸಾಲನ್ನು ಮಾತ್ರ ಬಾಯಿಪಾಠ ಮಾಡೋಣ. ಉಳಿದದ್ದು ನಿಮ್ಮ ಮಾತಿನಲ್ಲೇ ಬರಲಿ.

ನಾಲ್ಕನೆಯದು, ಸ್ಲೈಡ್ 11ರಿಂದ 12ಕ್ಕೆ

ನಾನು: "ಮೇ ತಿಂಗಳಲ್ಲಿ ಒಂದು ಸಲ ತಾರಸಿ ಗುಡಿಸಬೇಕು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೀಬೇಕು. ಮೊದಲನೇ ವರ್ಷ ನಾನೇ ನಿಂತು ತೊಳೆಸ್ತೀನಿ. ನಿರ್ಣಯ ಮೇಷ್ಟ್ರು ಓದ್ತಾರೆ."

ನೀವು ಎದ್ದು ನಿಂತ ಮೇಲೆ ಹೊಸ ವಿಷಯ ಬೇಡ. ಓದುವುದು ಇಷ್ಟೇ: "ತಾರಸಿಯ ಮಳೆನೀರನ್ನು ಹಳೆಯ ಸಂಪಿಗೆ ಜೋಡಿಸುವುದು, ಎರಡು ಇಂಗು ಬಾವಿ ತೋಡಿಸುವುದು, ಇದಕ್ಕೆ ಪ್ರತಿ ಮನೆಯಿಂದ ₹8,000ವನ್ನು ಎರಡು ಕಂತಿನಲ್ಲಿ ಸಂಗ್ರಹಿಸುವುದು. ಒಪ್ಪಿಗೆ ಇರುವವರು ಕೈ ಎತ್ತಿ."

ನಡುವೆ ಏನಾದರೂ ಆದರೆ

ನಿಮ್ಮ ಭಾಗದಲ್ಲಿ ಪೈಪಿನ ಪ್ರಶ್ನೆ ಬಂದರೆ "ಏಳನೇ ಸ್ಲೈಡಲ್ಲಿ ಅದೇ ಇದೆ, ಇಂಜಿನಿಯರಮ್ಮ ಹೇಳ್ತಾರೆ" ಅನ್ನಿ. ನನ್ನ ಭಾಗದಲ್ಲಿ ದುಡ್ಡಿನ ಪ್ರಶ್ನೆ ಬಂದರೆ ನಾನು "ಒಂಬತ್ತನೇದರಲ್ಲಿ ಮೇಷ್ಟ್ರು ಬಿಡಿಸಿ ಹೇಳ್ತಾರೆ" ಅನ್ನುತ್ತೇನೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ತಿದ್ದುವುದು ಬೇಡ. ನಾನು ಅಂಕಿ ತಪ್ಪಿದರೆ ನಿಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಡಿ, ನಾನೇ ಸರಿ ಮಾಡಿಕೊಳ್ಳುತ್ತೇನೆ. ನಿಮ್ಮ ಭಾಗ 6 ನಿಮಿಷ ದಾಟಿದರೆ ನಾನು ಎದ್ದು ಚೌಕದ ಪಕ್ಕ ನಿಲ್ಲುತ್ತೇನೆ. ಆಗ ಸ್ಲೈಡ್ 3 ಬಿಟ್ಟು ನೇರ ಚೆಂಬಿಗೆ ಬನ್ನಿ.

ಕರೆಂಟ್ ಹೋದರೆ ಪ್ರೊಜೆಕ್ಟರ್‌ಗೆ ಕಾಯುವುದು ಬೇಡ. ಸ್ಲೈಡ್ 2, 6, 9ನ್ನು ಎ3 ಹಾಳೆಯಲ್ಲಿ ಪ್ರಿಂಟ್ ಹಾಕಿಸಿ ತರುತ್ತೇನೆ. ಚೆಂಬು, ಚೌಕ ಹೇಗೂ ಇವೆ.

ನಾಳೆ ಶನಿವಾರ ಸಂಜೆ 5ಕ್ಕೆ ತಾರಸಿ ಮೇಲೆ ಸಿಗೋಣ. ಪೂರ್ತಿ ಪ್ರಾಕ್ಟೀಸ್ ಬೇಡ, ನಾಲ್ಕು ಕೈ ಬದಲು ಮಾತ್ರ ಮೂರು ಮೂರು ಸಲ ಮಾಡೋಣ, ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ಅಮ್ಮನನ್ನೂ ಕರೆದುಕೊಂಡು ಬನ್ನಿ, ಈ ಸಲ ಏನನ್ನುತ್ತಾರೆ ಕೇಳಬೇಕು. ಚೆಂಬು ಮರೆಯಬೇಡಿ.