ನಮ್ಮ ಅಂಗಡಿಗೆ 25 ವರ್ಷ: ಹಳೆಯ ಗ್ರಾಹಕರಿಗೆ ಮೊದಲ ಕರೆ

ಪ್ರೀತಿಯ ಗ್ರಾಹಕರೇ,

ನಮಸ್ಕಾರ. ಬರುವ ತಿಂಗಳು ನಮ್ಮ ಟೈಲರಿಂಗ್ ಅಂಗಡಿಗೆ 25 ವರ್ಷ ತುಂಬುತ್ತದೆ. ಆ ಖುಷಿಗೆ 8ನೇ ತಾರೀಖು ಶನಿವಾರದಿಂದ 16ನೇ ತಾರೀಖು ಭಾನುವಾರದವರೆಗೆ ರಿಯಾಯಿತಿ ಮಾರಾಟ ಇಟ್ಟುಕೊಂಡಿದ್ದೇವೆ. ಬ್ಯಾನರ್, ಪಾಂಪ್ಲೆಟ್ ಎಲ್ಲ ಆಮೇಲೆ. ಮೊದಲು ನಿಮಗೆ ಹೇಳಬೇಕು ಅಂತಲೇ ಈ ಪತ್ರ ಬರೆಯುತ್ತಿದ್ದೇನೆ.

ಎಲ್ಲರಿಗೂ 8ರಿಂದ ರಿಯಾಯಿತಿ ಶುರುವಾದರೆ ನಿಮಗೆ ಅದಕ್ಕೂ ಮೊದಲೇ, 6 ಮತ್ತು 7ನೇ ತಾರೀಖಿಗೇ ಶುರು. ಗುರುವಾರ, ಶುಕ್ರವಾರ ಆ ಎರಡು ದಿನ ಹೊಸಬರ ಆರ್ಡರ್ ತೆಗೆದುಕೊಳ್ಳುವುದಿಲ್ಲ. ಬಟ್ಟೆ ಆರಿಸುವುದಕ್ಕೂ ಅಳತೆ ಕೊಡುವುದಕ್ಕೂ ನಿಮಗೆ ಗಲಾಟೆ ಇರಬಾರದು. ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ ಅಂಗಡಿ ತೆಗೆದಿರುತ್ತದೆ, ಮಧ್ಯಾಹ್ನವೂ ಮುಚ್ಚುವುದಿಲ್ಲ.

ಇದು ಬರೀ ಮರ್ಯಾದೆಗೆ ಕೊಡುವ ಮಾತಲ್ಲ. ನಮ್ಮಂಥ ಅಂಗಡಿ ನಡೆಯುವುದೇ ಮತ್ತೆ ಮತ್ತೆ ಬರುವವರಿಂದ. ರೆಡಿಮೇಡ್ ಬಟ್ಟೆ ಎಲ್ಲೆಲ್ಲೂ ಸಿಗುತ್ತದೆ, ಅರ್ಧ ಗಂಟೆಯಲ್ಲಿ ಕೊಂಡು ಹಾಕಿಕೊಳ್ಳಬಹುದು. ಆದರೂ ನೀವು ಬಟ್ಟೆ ತಂದು, ಅಳತೆ ಕೊಟ್ಟು, ಟ್ರಯಲ್‌ಗೆ ಇನ್ನೊಂದು ಸಲ ಬಂದು, ಕಾದು ತೆಗೆದುಕೊಂಡು ಹೋಗುತ್ತೀರಿ. ಆ ತಾಳ್ಮೆ ದೊಡ್ಡದು. ನಮ್ಮ ಅಳತೆ ಪುಸ್ತಕ ತೆಗೆದರೆ ನಿಮ್ಮ ಪುಟದಲ್ಲಿ ಎದೆ, ಸೊಂಟ, ತೋಳು ಅಂತ ಅಂಕಿಗಳ ಪಕ್ಕದಲ್ಲಿ ಮಾಸ್ಟರ್ ಬರೆದ ಸಣ್ಣ ಸಣ್ಣ ಮಾತುಗಳಿವೆ. ‘ಬಲ ಭುಜ ಕಾಲಿಂಚು ಇಳಿ’, ‘ಕಾಲರ್ ಬಿಗಿ ಬೇಡ’, ‘ಫೋನ್ ಜೇಬು ಆಳ ಇರಲಿ’. ತುಂಬಾ ಜನರಿಗೆ ಒಂದು ಭುಜ ಇನ್ನೊಂದಕ್ಕಿಂತ ಸ್ವಲ್ಪ ತಗ್ಗಿರುತ್ತದೆ. ಕನ್ನಡಿಯಲ್ಲಿ ಗೊತ್ತಾಗುವುದಿಲ್ಲ, ಶರ್ಟ್ ಹಾಕಿದಾಗ ಕಂಕುಳ ಹತ್ತಿರ ಒಂದು ಓರೆ ನೆರಿಗೆ ಬೀಳುತ್ತದೆ, ಅಷ್ಟೆ. ಇಂಥದ್ದು ಒಂದೇ ಸಲಕ್ಕೆ ತಿಳಿಯುವುದಿಲ್ಲ. ನೀವು ವರ್ಷಗಟ್ಟಲೆ ಬಂದಿದ್ದಕ್ಕೆ ನಮಗೆ ತಿಳಿಯಿತು.

ಈಗ ರಿಯಾಯಿತಿಯ ವಿಷಯ. ಹೊಸದಾಗಿ ಹೊಲಿಸುವ ಯಾವ ಬಟ್ಟೆಗಾದರೂ ಮಜೂರಿಯಲ್ಲಿ 20% ಬಿಡುತ್ತೇವೆ. ಶರ್ಟ್, ಪ್ಯಾಂಟ್, ಬ್ಲೌಸ್, ಚೂಡಿದಾರ್, ಮಕ್ಕಳ ಬಟ್ಟೆ, ಕೋಟು, ಎಲ್ಲಕ್ಕೂ ಒಂದೇ ಲೆಕ್ಕ. ಒಂದೇ ಮನೆಯವರು ಮೂರು ಅಥವಾ ಅದಕ್ಕಿಂತ ಜಾಸ್ತಿ ಬಟ್ಟೆ ಕೊಟ್ಟರೆ 25%. ನಮ್ಮಲ್ಲೇ ಇರುವ ಶರ್ಟಿಂಗ್, ಸೂಟಿಂಗ್ ಬಟ್ಟೆಗಳ ಮೇಲೆ 30%. ಕಟ್‌ಪೀಸ್‌ಗಳು ಅರ್ಧ ಬೆಲೆಗೆ. ಕಟ್‌ಪೀಸ್ ಅಂದರೆ ಕಳಪೆ ಅಂತ ತಿಳಿಯಬೇಡಿ, ಥಾನಿನ ಕೊನೆಗೆ ಉಳಿದ ಒಳ್ಳೆಯ ಬಟ್ಟೆಯೇ. ಮಗುವಿನ ಫ್ರಾಕಿಗೋ ಅರ್ಧ ತೋಳಿನ ಶರ್ಟಿಗೋ ಅಳತೆ ಸರಿಹೊಂದಿದರೆ ಅದಕ್ಕಿಂತ ಲಾಭದ್ದು ಬೇರೆ ಇಲ್ಲ. ಅವು ಬೇಗ ಖಾಲಿಯಾಗುತ್ತವೆ, ಹಾಗಾಗಿ ಮೊದಲ ಎರಡು ದಿನದಲ್ಲೇ ಬಂದು ನೋಡಿ.

ಒಂದು ಮಾತು ಖಂಡಿತ ಹೇಳುತ್ತೇನೆ. ರಿಯಾಯಿತಿ ಕೊಡುವುದಕ್ಕೋಸ್ಕರ ಮೊದಲೇ ರೇಟು ಏರಿಸಿಟ್ಟಿಲ್ಲ. ಕಳೆದ ಸಲ ನೀವು ಕೊಟ್ಟ ಮಜೂರಿಯ ರಸೀದಿ ಇದ್ದರೆ ತಂದು ತಾಳೆ ನೋಡಿ. ಹೊಲಿಗೆಯಲ್ಲೂ ಏನೂ ಕಡಿಮೆ ಮಾಡುವುದಿಲ್ಲ. ಹತ್ತಿಯ ಬಟ್ಟೆಯನ್ನು ನೀರಿಗೆ ಹಾಕಿ ಒಣಗಿಸದೆ ಕತ್ತರಿ ಹಾಕುವುದಿಲ್ಲ. ನೂರಕ್ಕೆ ಮೂರರಷ್ಟು ಕುಗ್ಗಿದರೂ 40 ಇಂಚಿನ ಪ್ಯಾಂಟು ಮೊದಲ ಒಗೆತಕ್ಕೇ ಒಂದು ಇಂಚಿಗಿಂತ ಜಾಸ್ತಿ ಗಿಡ್ಡ ಆಗುತ್ತದೆ, ಅಲ್ವಾ? ಒಳಗೆ ಮಾರ್ಜಿನ್ ಬಿಡುವುದೂ ಹಾಗೆಯೇ ಇರುತ್ತದೆ, ನಾಳೆ ಬಿಗಿಯಾದರೆ ಬಿಚ್ಚಿ ಸಡಿಲ ಮಾಡಬಹುದು. ಒಂದೊಂದು ಹೊಲಿಗೆ ಹಾಕಿದ ಮೇಲೂ ಇಸ್ತ್ರಿ ಒತ್ತಿಯೇ ಮುಂದಿನ ಹೊಲಿಗೆಗೆ ಹೋಗುವ ಪದ್ಧತಿ ನಮ್ಮಲ್ಲಿ ಮೊದಲಿನಿಂದಲೂ ಇದೆ. ಅದಕ್ಕೆ ಸಮಯ ಹಿಡಿಯುತ್ತದೆ, ಆದರೆ ಅದನ್ನು ಬಿಟ್ಟರೆ ಕಾಲರ್ ತುದಿ ಚೂಪಾಗಿ ನಿಲ್ಲುವುದಿಲ್ಲ, ಪ್ಯಾಂಟಿನ ಹೊಲಿಗೆ ನೆಟ್ಟಗೆ ಇಳಿಯುವುದಿಲ್ಲ.

ಈ ಸಲ ನನಗೆ ಎಲ್ಲಕ್ಕಿಂತ ಖುಷಿ ಕೊಡುವುದು ಬೇರೆಯೇ ಒಂದು ಇದೆ. ನಮ್ಮಲ್ಲಿ ಹೊಲಿಸಿದ ಹಳೆಯ ಬಟ್ಟೆಗಳನ್ನು ಈ ದಿನಗಳಲ್ಲಿ ತಂದುಕೊಟ್ಟರೆ ಆಲ್ಟರೇಷನ್‌ಗೆ ಮಜೂರಿಯೇ ಇಲ್ಲ. ಯಾವ ವರ್ಷ ಹೊಲಿಸಿದ್ದಾದರೂ ಸರಿ. ಸೊಂಟ ಬಿಗಿಯಾದ ಪ್ಯಾಂಟು, ಸಡಿಲವಾದ ಬ್ಲೌಸು, ಕಿತ್ತುಹೋದ ಹುಕ್ಕು, ಬಿಚ್ಚಿಕೊಂಡ ಹೆಮ್ಮಿಂಗ್, ಏನೇ ಇರಲಿ. ಹೊಸ ಜಿಪ್ ಹಾಕಬೇಕಾದರೆ ಜಿಪ್ಪಿನ ದುಡ್ಡು ಮಾತ್ರ ಕೊಡಿ. ಬೀರುವಿನಲ್ಲಿ ಸುಮ್ನೆ ಮಡಚಿಟ್ಟ ಬಟ್ಟೆಗಳನ್ನು ಒಂದು ಸಲ ಹೊರಗೆ ತೆಗೆದು ನೋಡಿ.

ಅದರಲ್ಲೂ ಕಾಲರ್ ಸವೆದ ಶರ್ಟುಗಳನ್ನು ದಯವಿಟ್ಟು ಎಸೆಯಬೇಡಿ. ಶರ್ಟಿನ ಮೈ ಗಟ್ಟಿಯಾಗಿಯೇ ಇರುತ್ತದೆ, ಕುತ್ತಿಗೆ ಉಜ್ಜಿ ಉಜ್ಜಿ ಕಾಲರಿನ ಮಡಿಕೆ ಮಾತ್ರ ನೂಲು ಬಿಟ್ಟಿರುತ್ತದೆ. ನಮ್ಮ ಮಾಸ್ಟರ್ ಆ ಕಾಲರನ್ನು ಪಟ್ಟಿಯಿಂದ ನಿಧಾನಕ್ಕೆ ಬಿಡಿಸುತ್ತಾರೆ. ಬ್ಲೇಡಿನ ತುದಿಯಿಂದ ಒಂದೊಂದೇ ಹೊಲಿಗೆ ಕೊಯ್ಯುತ್ತಾರೆ, ಬಟ್ಟೆಗೆ ತಾಗದ ಹಾಗೆ. ಉಳಿದ ನೂಲಿನ ಚೂರುಗಳನ್ನು ಕೈಯಿಂದಲೇ ಆರಿಸಿ ತೆಗೆದು, ಇಸ್ತ್ರಿ ಒತ್ತಿ, ಸವೆದ ಭಾಗ ಕೆಳಗೆ ಹೋಗುವಂತೆ ಕಾಲರನ್ನು ತಿರುಗಿಸಿ ಮತ್ತೆ ಅದೇ ಪಟ್ಟಿಯೊಳಗೆ ಕೂರಿಸಿ ಹೊಲಿಯುತ್ತಾರೆ. ಇಷ್ಟು ದಿನ ಅಡಿಗೆ ಇದ್ದ ಮಗ್ಗುಲು ಮೇಲೆ ಬರುತ್ತದೆ. ಶರ್ಟು ಇನ್ನೂ ಎಷ್ಟೋ ದಿನ ಬಾಳುತ್ತದೆ. ಕಾಲರ್ ತುದಿಗೆ ಬಟನ್ ಇರುವ ಶರ್ಟುಗಳಿಗೆ ಮಾತ್ರ ಇದು ಹೊಂದುವುದಿಲ್ಲ, ಕಾಜಾದ ತೂತು ಕಾಣಿಸಿಕೊಳ್ಳುತ್ತದೆ. ಉಳಿದವನ್ನು ತನ್ನಿ. ಈ ಕೆಲಸ ಬಲ್ಲವರು ಈಗ ಕಡಿಮೆ, ಇದನ್ನು ನಿಮಗೆ ಪುಕ್ಕಟೆಯಾಗಿ ಮಾಡಿಕೊಡಲು ಮಾಸ್ಟರ್ ತಾವೇ ಮುಂದೆ ಬಂದರು.

ಮಕ್ಕಳ ಬಟ್ಟೆ ಹೊಲಿಸುವವರಿಗೂ ಒಂದು ಮಾತು. ಕೆಳಗಿನ ಮಡಿಕೆಯನ್ನು ಎರಡು ಇಂಚು ಅಗಲ ಒಳಗೆ ಬಿಟ್ಟು ಹೊಲಿಯುತ್ತೇವೆ. ಮಗು ಎತ್ತರ ಆದಾಗ ತಂದುಕೊಡಿ, ಇಳಿಸಿಕೊಡುತ್ತೇವೆ. ಈ ಮಾರಾಟದಲ್ಲಿ ಹೊಲಿಸಿದ ಮಕ್ಕಳ ಬಟ್ಟೆಗೆ ಹೀಗೆ ಇಳಿಸುವ ಕೆಲಸ ಮುಂದೆ ಯಾವಾಗ ಬಂದರೂ ಉಚಿತ.

ನೀವೇ ಬಟ್ಟೆ ಕೊಂಡು ತರುವುದಾದರೆ ಪನ್ನ ಎಷ್ಟು ಅಂತ ಅಲ್ಲೇ ಕೇಳಿಕೊಳ್ಳಿ. 58 ಇಂಚು ಪನ್ನ ಇದ್ದರೆ ಸಾಧಾರಣ ಮೈಕಟ್ಟಿನವರ ತುಂಬು ತೋಳಿನ ಶರ್ಟಿಗೆ 1.6 ಮೀಟರ್ ಸಾಕಾಗುತ್ತದೆ, 36 ಇಂಚಾದರೆ 2.25 ಮೀಟರ್ ಹತ್ತಿರ ಬೇಕು. ದೊಡ್ಡ ಚೌಕಳಿ ಇದ್ದರೆ ಕಾಲು ಮೀಟರ್ ಜಾಸ್ತಿ ತನ್ನಿ. ಎದೆಯ ಎರಡೂ ಕಡೆ, ಜೇಬಿನ ಮೇಲೆ, ತೋಳಿನಲ್ಲಿ ಗೆರೆಗೆ ಗೆರೆ ಕೂರಿಸಬೇಕಾದರೆ ಬಟ್ಟೆ ಅಷ್ಟು ಹಿಡಿಯುತ್ತದೆ. ಸಾಲದೆ ಬಂದರೆ ಮತ್ತೆ ಅದೇ ಥಾನು ಸಿಗುತ್ತದೆ ಅನ್ನುವ ಭರವಸೆ ಇಲ್ಲ.

ಅಳತೆ ಪುಸ್ತಕದಲ್ಲಿ ಇದೆಯಲ್ಲ, ಫೋನಿನಲ್ಲೇ ಹೇಳಿಬಿಡೋಣ ಅಂತ ಕೆಲವರು ಅಂದುಕೊಳ್ಳುತ್ತೀರಿ. ಕಳೆದ ಆರು ತಿಂಗಳಲ್ಲಿ ಹೊಲಿಸಿದ್ದರೆ ಅದು ಸರಿ. ಅದಕ್ಕಿಂತ ಹಿಂದಿನದಾದರೆ ಒಂದು ಸಲ ಬಂದು ಟೇಪು ಹಿಡಿಸಿಕೊಂಡು ಹೋಗಿ, ಐದು ನಿಮಿಷದ ಕೆಲಸ. ಬ್ಲೌಸಿಗೆ ಸರಿಯಾಗಿ ಕೂರುವ ಅಳತೆ ಬ್ಲೌಸು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಬರಲು ಕಷ್ಟವಾಗುವ ಹಿರಿಯರು ಮನೆಯಲ್ಲಿದ್ದರೆ ತಿಳಿಸಿ. ಮಾರಾಟದ ಗಡಿಬಿಡಿ ಮುಗಿದ ವಾರ ನಮ್ಮವರೇ ಮನೆಗೆ ಬಂದು ಅಳತೆ ತೆಗೆದುಕೊಳ್ಳುತ್ತಾರೆ, ಅವರಿಗೂ ಇದೇ ರಿಯಾಯಿತಿ.

ಬಟ್ಟೆ ಯಾವಾಗ ಕೈಗೆ ಸಿಗುತ್ತದೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಈ ದಿನಗಳಲ್ಲಿ ಕೊಟ್ಟ ಶರ್ಟು, ಪ್ಯಾಂಟು, ಬ್ಲೌಸುಗಳಿಗೆ ಮೂರು ವಾರ, ಕೋಟಿಗೆ ಐದು ವಾರ ಬೇಕು. ಕೋಟಿನ ಒಳಗೆ ಕ್ಯಾನ್ವಾಸ್ ಕೂರಿಸಿ ಕೈಹೊಲಿಗೆ ಹಾಕುವುದಿದೆ, ಮಧ್ಯೆ ಒಂದು ಟ್ರಯಲ್ ಇದ್ದೇ ಇರುತ್ತದೆ. ನಾವು ಇರುವುದೇ ಕೆಲವು ಕೈಗಳು. ಆದ್ದರಿಂದ ಮಾರಾಟದ ಬಟ್ಟೆಗಳನ್ನು ಅರ್ಜೆಂಟ್ ಲೆಕ್ಕದಲ್ಲಿ ತೆಗೆದುಕೊಳ್ಳುವುದಿಲ್ಲ. ಮುಂದಿನ ತಿಂಗಳಲ್ಲೇ ಮದುವೆ, ಸಮಾರಂಭ ಏನಾದರೂ ಇದ್ದರೆ ಮಾರಾಟಕ್ಕೆ ಕಾಯಬೇಡಿ, ಈ ವಾರವೇ ಬಟ್ಟೆ ತಂದುಕೊಡಿ. ಈ ಪತ್ರ ತೋರಿಸಿದರೆ ಅದಕ್ಕೂ 20% ಬಿಡುತ್ತೇವೆ. ಈಗಾಗಲೇ ಕೊಟ್ಟು ಇನ್ನೂ ಕತ್ತರಿ ಹಾಕದ ಬಟ್ಟೆಗಳಿದ್ದರೆ ಅವಕ್ಕೂ ಕೇಳದೆಯೇ ರಿಯಾಯಿತಿ ಹಿಡಿಯುತ್ತೇವೆ, ಹೋದ ವಾರ ಕೊಟ್ಟೆನಲ್ಲ ಅಂತ ಯಾರೂ ಬೇಸರ ಮಾಡಿಕೊಳ್ಳಬಾರದು.

ಉಳಿದದ್ದು ಎಂದಿನಂತೆ. ಮಜೂರಿಯಲ್ಲಿ ಅರ್ಧ ಮುಂಗಡ, ಉಳಿದದ್ದು ಬಟ್ಟೆ ಹಾಕಿ ನೋಡಿ ಒಪ್ಪಿಗೆಯಾದ ಮೇಲೆ. ಲೈನಿಂಗ್, ಬಟನ್‌ಗಳಿಗೆ ರಿಯಾಯಿತಿ ಇಲ್ಲ. ನಮ್ಮ ಬಟ್ಟೆಯನ್ನು ಕತ್ತರಿ ಹಾಕುವ ಮೊದಲು ಬದಲಾಯಿಸಿಕೊಳ್ಳಬಹುದು, ಆಮೇಲೆ ಆಗುವುದಿಲ್ಲ.

ಬರುವಾಗ ಈ ಪತ್ರ ಜೊತೆಗಿರಲಿ. ಮರೆತರೂ ಪರವಾಗಿಲ್ಲ, ನಿಮ್ಮ ಹೆಸರು ಹೇಳಿದರೆ ಪುಸ್ತಕದಲ್ಲಿ ಪುಟ ಸಿಗುತ್ತದೆ. ನಿಮ್ಮ ಜೊತೆ ಒಬ್ಬ ಸ್ನೇಹಿತರನ್ನೋ ನೆಂಟರನ್ನೋ ಕರೆತಂದರೆ 6, 7ರಂದೇ ಅವರದ್ದೂ ಅಳತೆ ತೆಗೆದುಕೊಳ್ಳುತ್ತೇವೆ. ಹೊಸಬರಿಗೆ ಆ ಎರಡು ದಿನ ಬಾಗಿಲು ತೆರೆಯುವುದು ನಿಮ್ಮ ಮಾತಿನ ಮೇಲೆ ಮಾತ್ರ. ಭಾನುವಾರ ಜನ ಜಾಸ್ತಿ, ನಿಧಾನವಾಗಿ ಕೂತು ಮಾತಾಡಬೇಕು ಅನ್ನುವವರು ಗುರುವಾರ ಬೆಳಿಗ್ಗೆಯೇ ಬನ್ನಿ. ಮಾಸ್ಟರ್ ಅವತ್ತು ಬೇರೆ ಯಾವ ಕೆಲಸವನ್ನೂ ಇಟ್ಟುಕೊಂಡಿಲ್ಲ.

ಇಷ್ಟು ವರ್ಷ ನಮ್ಮ ಕೈಯ ಕೆಲಸ ನಂಬಿ ಮೈಮೇಲೆ ಹಾಕಿಕೊಂಡಿದ್ದಕ್ಕೆ ಅಂಗಡಿಯ ಎಲ್ಲರ ಪರವಾಗಿ ಧನ್ಯವಾದ. ಮನೆಯವರನ್ನೆಲ್ಲ ಕರೆದುಕೊಂಡು ಖಂಡಿತ ಬನ್ನಿ.

ಪ್ರೀತಿಯಿಂದ,
ನಿಮ್ಮ ಟೈಲರ್ ಅಂಗಡಿಯ ಮಾಲೀಕ, ಮಾಸ್ಟರ್ ಮತ್ತು ಹೊಲಿಗೆಯವರೆಲ್ಲರೂ

ಮರೆಯುವ ಮುನ್ನ: ಹಿಂದೆ ಹೊಲಿಸಿ ಇನ್ನೂ ತೆಗೆದುಕೊಂಡು ಹೋಗದ ಕೆಲವರ ಬಟ್ಟೆಗಳು ಇಸ್ತ್ರಿಯಾಗಿ, ಚೀಟಿ ಸಮೇತ ನಮ್ಮ ಕಪಾಟಿನಲ್ಲಿವೆ. ನಿಮ್ಮದೂ ಒಂದು ಇರಬಹುದು. ಬಂದಾಗ ಕೇಳಿ.