ತಾಂತ್ರಿಕ ಪ್ರಸ್ತಾವನೆ: ಕೆರೆಯ ಹೂಳೆತ್ತುವಿಕೆ ಮತ್ತು ತೂಬಿನ ದುರಸ್ತಿ

ಕಾರ್ಯಪಾಲಕ ಎಂಜಿನಿಯರ್, ಸಣ್ಣ ನೀರಾವರಿ ಇಲಾಖೆ, ತುಮಕೂರು ಇವರಿಗೆ

ವಿಧಾನ: ಏರಿಯ ಬುಡದಿಂದ 10 ಮೀಟರ್‌ವರೆಗೆ ಅಗೆಯುವುದಿಲ್ಲ, ಅಲ್ಲಿ ಅಗೆದರೆ ಏರಿಯೇ ದುರ್ಬಲವಾಗುತ್ತದೆ. ಹೂಳಿನ ಕೆಳಗಿನ ಜೇಡಿ ಪದರವನ್ನೂ ಮುಟ್ಟುವುದಿಲ್ಲ. ಅದು ಒಡೆದರೆ ಕೆರೆಯಲ್ಲಿ ನೀರು ನಿಲ್ಲದು. ಗೋಡು ಮಣ್ಣು ಅಚ್ಚುಕಟ್ಟಿನ ರೈತರ ಹೊಲಗಳಿಗೆ ಹೋಗಬೇಕೆಂಬುದು ನಮ್ಮ ದೃಢ ನಿಲುವು. ಬಿಲ್ಲಿಗೆ ಲಾರಿ ಲೋಡುಗಳ ಎಣಿಕೆಯಲ್ಲ, ಇಲಾಖೆಯೊಂದಿಗೆ ಜಂಟಿಯಾಗಿ ತೆಗೆದ ಕೆರೆ ತಳದ ಮಟ್ಟಗಳ ಅಳತೆಯೇ ಆಧಾರ.

ತಂಡ: 12 ವರ್ಷ ಅನುಭವದ ಸಿವಿಲ್ ಎಂಜಿನಿಯರ್ (ಸ್ಥಳದಲ್ಲೇ ವಾಸ), ಸರ್ವೇಯರ್, ಇಬ್ಬರು ಮೇಸ್ತ್ರಿಗಳು.

ವೇಳಾಪಟ್ಟಿ: ಫೆಬ್ರುವರಿ 5ರಿಂದ ಸರ್ವೆ, ಮಾರ್ಚ್, ಏಪ್ರಿಲ್‌ನಲ್ಲಿ ಹೂಳೆತ್ತುವಿಕೆ, ಮುಂಗಾರಿಗೆ ಮುನ್ನ, ಮೇ 20ರೊಳಗೆ ತೂಬು.

| ಟೆಂಡರ್ ಷರತ್ತು | ಅನುಸರಣೆ | ವಿವರ |
|---|---|---|
| ಗಡುವು 120 ದಿನ | ಪೂರ್ಣ | 105 ದಿನ |
| ಜಂಟಿ ಅಳತೆ | ಪೂರ್ಣ | ಹೂಳೆತ್ತುವ ಮೊದಲು, ನಂತರ |
| ಸ್ಥಳದಲ್ಲೇ ಕಾಂಕ್ರೀಟ್ ಪರೀಕ್ಷೆ | ಭಾಗಶಃ | ಕ್ಯೂಬ್ ಪರೀಕ್ಷೆ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ |